ಕೌಂಟರಲ್ಲಿ ಎರಡು ಪಂಕ್ತಿ ಊಟ

ನಮ್ಮೂರಿನ ಒಂದು ಕಚೇರೀಲಿ ಮೊದ್ಲೆಲ್ಲ 1 ಗಂಟೆಗೆ ಕೌಂಟರ್ ಮುಚ್ಚೋದು, 1:45ಕ್ಕೆ ತೆಗ್ಯೋದು, ಅಷ್ಟರಲ್ಲಿ ನಾವು ಎದುರಿನ ಅಂಗಡೀಲಿ ಟೀ ಕುಡಿದು ಬೈಕೊಂಡು ವಾಪಸ್ ಬರ್ತಿದ್ವಿ. ಯಾರೋ ಕಂಪ್ಲೇಂಟ್ ಕೊಟ್ರಂತೆ, ಈಗ ಮದುವೆ ಮನೆ ಥರ ಎರಡು ಪಂಕ್ತಿ. ಟಪಾಲು ರಾಯರದ್ದು 1ರಿಂದ 1:45, ಕ್ಯಾಶ್ ಮೇಡಂದು 1:45ರಿಂದ 2:30. ಗೋಡೆ ಮೇಲೆ ಬೋರ್ಡು ಬೇರೆ, 'ಕೌಂಟರ್ ಯಾವ ವೇಳೆಯಲ್ಲೂ ಖಾಲಿ ಇರುವುದಿಲ್ಲ'.

ಮೊನ್ನೆ 1 ಗಂಟೆ 2 ನಿಮಿಷಕ್ಕೆ ಅರ್ಜಿ ಹಿಡ್ಕೊಂಡು ಹೋದೆ. ಅಲ್ಲಿ ಮೊದ್ಲು ರಾಯರು ಅರ್ಜಿಗೆ ನಂಬರ್ ಹಾಕ್ಬೇಕು, ಆ ನಂಬರ್ ಹೇಳಿದ್ರೆ ಮೇಡಂ ದುಡ್ಡು ತಗೊಂಡು ರಸೀದಿ ಕೊಡ್ತಾರೆ, ರಸೀದಿ ತೋರ್ಸಿದ್ರೆ ರಾಯರೇ ಮತ್ತೆ ಸೀಲು ಒತ್ತಿ ಸ್ವೀಕೃತಿ ಕೊಡೋದು. ರಾಯರು ಊಟಕ್ಕೆ. ಮೇಡಂ ಸುಮ್ನೆ ಕೂತಿದ್ರು, ಒಂದೊಂದೇ ರಬ್ಬರ್ ಬ್ಯಾಂಡು ಬಿಡಿಸ್ತಾ. 'ಒಂದು ನಂಬರ್ ಹಾಕ್ಕೊಡಿ ಮೇಡಂ' ಅಂದೆ. 'ಅದು ಅವ್ರ ಲಾಗಿನ್ ಸಾರ್, ನಂಗೆ ಬರಲ್ಲ.'

1:45ಕ್ಕೆ ರಾಯರು ಬಂದ್ರು, ಮೇಡಂ ಡ್ರಾಯರಿಗೆ ಬೀಗ ಹಾಕಿ ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸ್ಕೊಂಡು ಎದ್ರು. ಅದು ತಪ್ಪು ಅನ್ನಲ್ಲ ನಾನು, ಬೇರೆಯವ್ರು ಕೂತಾಗ 200 ರೂಪಾಯಿ ಕಮ್ಮಿ ಬಂದ್ರೆ ಸಂಜೆ ಕೈಯಿಂದ ಕಟ್ಟೋರು ಅವ್ರೇ ಅಲ್ವಾ. ಹಾಗಂತ ಚಾರ್ಜ್ ಕೊಟ್ಟೇ ಹೋಗ್ತೀನಿ ಅಂದ್ರೆ ಕ್ಯಾಶ್ ಎಣಿಸ್ಬೇಕು, ಇಬ್ರೂ ಸಹಿ ಹಾಕ್ಬೇಕು, ವಾಪಸ್ ಬಂದ್ಮೇಲೆ ಅದನ್ನೇ ಇನ್ನೊಂದ್ಸಲ ಮಾಡ್ಬೇಕು. ಯಾರಿಗೆ ಬೇಕು ಆ ರಗಳೆ. ನಂಗೆ 1:50ಕ್ಕೆ ನಂಬರ್ ಸಿಕ್ತು, ದುಡ್ಡು ಕಟ್ಟೋಕೆ 2:30ರ ತನಕ ಕಾಯಿರಿ ಅಂದ್ರು.

ಲೆಕ್ಕ ಹಾಕಿ ನೋಡಿ, ಇಬ್ರೂ ಒಟ್ಟಿಗೆ ಉಣ್ತಿದ್ದಾಗ ಕೆಲ್ಸ ನಿಲ್ತಿದ್ದಿದ್ದು 45 ನಿಮಿಷ, ಈಗ ಸರದಿ ಮೇಲೆ ಉಂಡು 90 ನಿಮಿಷ. ಸರದಿ ಹಾಕ್ಬೇಕಾಗಿದ್ದು ಒಂದೇ ಕೆಲ್ಸ ಮಾಡೋ ಇಬ್ರ ಮಧ್ಯೆ, ಇವ್ರು ಹಾಕಿದ್ದು ಸರಪಳಿಯ ಎರಡು ಕೊಂಡಿಗೆ! ಒಳಗಡೆ ಇನ್ನೊಬ್ರು ಗುಮಾಸ್ತರಿದ್ದಾರೆ, ಅವ್ರಿಗೊಂದು ಟಪಾಲು ಲಾಗಿನ್ ಮಾಡ್ಕೊಟ್ಟಿದ್ರೆ ಮೊದಲ ಪಂಕ್ತೀಲೇ ನನ್ನ ನಂಬರೂ ರಸೀದಿನೂ ಮುಗೀತಿತ್ತು, ಸೀಲೂ ಅವ್ರೇ ಒತ್ತಬಹುದಿತ್ತು. ಆದ್ರೆ ಮೇಲಿನವ್ರು ನೋಡೋದು ಕುರ್ಚಿ ಖಾಲಿ ಇದ್ಯಾ ಅಂತ, ಅರ್ಜಿ ಮುಂದಕ್ಕೆ ಹೋಯ್ತಾ ಅಂತಲ್ಲ. ಕುರ್ಚಿ ಲೆಕ್ಕದಲ್ಲಿ ಈ ಕಚೇರಿ ಫಸ್ಟ್ ಕ್ಲಾಸು.

ತಡ್ಕೊಳಕ್ಕಾಗ್ದೆ ದೂರಿನ ಪುಸ್ತಕ ಕೇಳ್ದೆ.

'ಬೀರು ಒಳಗಿದೆ ಸಾರ್' ಅಂದ್ರು ರಾಯರು. 'ಬೀಗದಕೈ ಮೇಡಂ ಹತ್ರ, ಊಟಕ್ಕೆ ಹೋಗಿದ್ದಾರೆ.'