ಭಾವನ ಪೆಗ್ಗು, ಚಿಕ್ಕಪ್ಪನ ಮೋಸಂಬಿ ಜ್ಯೂಸು

ಮೊನ್ನೆ ಮನೆಯವರೆಲ್ಲ ಸೇರಿದ್ದೆವು. ರಾತ್ರಿ ಟೆರೇಸ್ ಮೇಲೆ ಭಾವ ಗ್ಲಾಸ್ ಎತ್ತಿ, 'ಲಿಮಿಟ್ಟಲ್ಲಿದ್ರೆ ಹಾರ್ಟಿಗೆ ಒಳ್ಳೇದು ಕಣೋ, ಸ್ಟಡಿ ಆಗಿದೆ' ಅಂದರು. ಪಕ್ಕದಲ್ಲಿ ಚಿಕ್ಕಪ್ಪ ಮೋಸಂಬಿ ಜ್ಯೂಸ್ ಹಿಡಿದು ಕೂತಿದ್ದರು. ಇಪ್ಪತ್ತು ವರ್ಷ ಚೆನ್ನಾಗಿಯೇ ಕುಡಿದವರು, ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮುಟ್ಟಿಲ್ಲ.

ಭಾವ ಹೇಳಿದ್ದು ಸುಳ್ಳಲ್ಲ. ಸ್ಟಡಿ ಆಗಿದೆ, ಒಂದಲ್ಲ ನೂರಾರು. ದಿನಕ್ಕೆ ಒಂದೆರಡು ಡ್ರಿಂಕ್ ತೆಗೆದುಕೊಳ್ಳುವವರಿಗಿಂತ ಏನೂ ಕುಡಿಯದವರೇ ಹೃದಯದ ಕಾಯಿಲೆಯಿಂದ ಹೆಚ್ಚು ಸಾಯುತ್ತಾರೆ ಎಂಬ ಲೆಕ್ಕ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಬಂತು. 1991ರಲ್ಲಿ ಅಮೆರಿಕದ '60 ಮಿನಿಟ್ಸ್' ಕಾರ್ಯಕ್ರಮದಲ್ಲಿ ಫ್ರಾನ್ಸಿನ ವಿಜ್ಞಾನಿ ಸೆರ್ಜ್ ರೆನೋ, ಅಷ್ಟೊಂದು ಬೆಣ್ಣೆ ಚೀಸ್ ತಿಂದರೂ ತಮ್ಮವರ ಹೃದಯ ಗಟ್ಟಿಯಾಗಿರಲು ವೈನ್ ಕಾರಣ ಇರಬಹುದು ಅಂದರು. ಅಲ್ಲಿ ರೆಡ್ ವೈನ್ ಮಾರಾಟ ಜಿಗಿಯಿತು. ನಮ್ಮ ಭಾವನ ತನಕ ಬಂದಿರುವುದು ಅದರದ್ದೇ ಅಲೆ.

ಆದರೆ ಆ ಲೆಕ್ಕದಲ್ಲಿ 'ಕುಡಿಯದವರು' ಅಂದರೆ ಯಾರು? ಇಲ್ಲಿ ನನ್ನ ಚಿಕ್ಕಪ್ಪನನ್ನು ನೋಡಿ. ನಾಳೆ ಯಾರಾದರೂ ಫಾರ್ಮ್ ಹಿಡಿದು ಬಂದು 'ಕುಡೀತೀರಾ?' ಎಂದು ಕೇಳಿದರೆ ಅವರು ಪ್ರಾಮಾಣಿಕವಾಗಿ 'ಇಲ್ಲ' ಅನ್ನುತ್ತಾರೆ. ಹುಟ್ಟಿದಾಗಿಂದ ಒಂದು ಹನಿ ಮುಟ್ಟದ ನಮ್ಮಜ್ಜಿ ಇರುವ ಕಾಲಮ್ಮಿನಲ್ಲೇ ಅವರ ಹೆಸರೂ ಕೂರುತ್ತದೆ.

ಇದರಿಂದ ಏನಾಗುತ್ತದೆ ಅಂತ ಒಂದು ಕಲ್ಪನೆಯ ಲೆಕ್ಕ ಹಾಕೋಣ. ಸ್ವಲ್ಪ ಕುಡಿಯುವವರು 1000 ಜನ, ಹತ್ತು ವರ್ಷದಲ್ಲಿ ಸತ್ತವರು 70. ಕುಡಿಯದವರೂ 1000, ಅವರಲ್ಲಿ ಎಂದೂ ಕುಡಿಯದವರು 700. ಇವರಲ್ಲಿ ಸತ್ತವರು 49, ಅಂದರೆ ನೂರಕ್ಕೆ ಅದೇ ಏಳು. ಉಳಿದ 300 ಜನ ಚಿಕ್ಕಪ್ಪನ ಥರ ಕಾಯಿಲೆ ಬಂದು ಬಿಟ್ಟವರು, ಅವರಲ್ಲಿ 45 ಜನ ಹೋದರು. ಈಗ ಕೂಡಿಸಿ: ಕುಡಿಯದವರಲ್ಲಿ 94 ಸಾವು, ಕುಡಿಯುವವರಲ್ಲಿ 70. 'ಸ್ವಲ್ಪ ಕುಡಿದರೆ ಸಾವು ಕಾಲು ಭಾಗ ಕಮ್ಮಿ' ಅಂತ ಹೆಡ್‌ಲೈನ್ ರೆಡಿ! ಮದ್ಯ ಇಲ್ಲಿ ಒಬ್ಬರನ್ನೂ ಉಳಿಸಿಲ್ಲ.

ಬ್ರಿಟನ್ನಿನ ಸಂಶೋಧಕ ಶೇಪರ್ ಮತ್ತು ಸಂಗಡಿಗರು 1988ರಲ್ಲೇ ಇದನ್ನು ಎತ್ತಿ ತೋರಿಸಿದ್ದರು, ಕಾಯಿಲೆ ಬಂದ ಗಂಡಸರು ಕುಡಿಯದವರ ಕಡೆಗೆ ಸರಿದುಹೋಗುತ್ತಾರೆ ಎಂದು. ಬಹಳ ಜನ ಒಪ್ಪಲಿಲ್ಲ. ಬಿಟ್ಟವರನ್ನು ಬೇರೆ ಎಣಿಸಿದರೂ ಲಾಭ ಸ್ವಲ್ಪ ಉಳಿಯುತ್ತದಲ್ಲ ಎಂಬುದು ಅವರ ವಾದ. ಅದೂ ನಿಜವೇ. ಆದರೆ ಆ ದೇಶಗಳಲ್ಲಿ ಊಟದ ಜೊತೆ ಒಂದೇ ಗ್ಲಾಸ್ ವೈನ್ ಕುಡಿದು ಏಳುವವನು ಸಾಮಾನ್ಯವಾಗಿ ಹೆಚ್ಚು ಓದಿದವನು, ದುಡ್ಡಿರುವವನು, ವ್ಯಾಯಾಮ ಮಾಡುವವನು. ಅವನ ಹೃದಯ ಕಾಯುತ್ತಿರುವುದು ವೈನೋ ಸಂಬಳವೋ? 2023ರಲ್ಲಿ ಸ್ಟಾಕ್‌ವೆಲ್ ತಂಡ 107 ಅಧ್ಯಯನಗಳನ್ನು ಒಟ್ಟು ಹಾಕಿ ಇಂಥ ದೋಷಗಳನ್ನು ಸರಿದೂಗಿಸಿ ನೋಡಿದಾಗ, ಮಿತವಾಗಿ ಕುಡಿಯುವವರ ಒಟ್ಟಾರೆ ಸಾವಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ.

ನನ್ನ ಮನಸ್ಸು ಪೂರ್ತಿ ಬದಲಾಗಿದ್ದು ಮಾತ್ರ 2019ರ ಚೀನಾ ಅಧ್ಯಯನ ಓದಿದ ಮೇಲೆ. ಪೂರ್ವ ಏಷ್ಯಾದ ಅನೇಕರಲ್ಲಿ ಒಂದು ಜೀನಿನ ವ್ಯತ್ಯಾಸವಿದೆ. ಕುಡಿದರೆ ಮುಖ ಕೆಂಪೇರಿ ವಾಕರಿಕೆ ಬರುತ್ತದೆ, ಹಾಗಾಗಿ ಅವರು ಕುಡಿಯುವುದೇ ಕಡಿಮೆ. ಜೀನು ಹುಟ್ಟಿನಿಂದ ಬಂದದ್ದು. ಸ್ಟೆಂಟ್ ಹಾಕಿದರೆ ಅದು ಬದಲಾಗುವುದಿಲ್ಲ, ಸಂಬಳ ಏರಿದರೂ ಇಲ್ಲ. ಜನ ಬಾಯಲ್ಲಿ ಹೇಳಿದ ಲೆಕ್ಕದಲ್ಲಿ ಸ್ವಲ್ಪ ಕುಡಿಯುವವರಿಗೇ ಸ್ಟ್ರೋಕ್ ಕಮ್ಮಿ ಕಂಡಿತ್ತು. ಅದೇ ಗಂಡಸರನ್ನು ಜೀನಿನ ಪ್ರಕಾರ ವಿಂಗಡಿಸಿದಾಗ ಆ ಲಾಭ ಮಾಯ. ಮದ್ಯ ಹೆಚ್ಚಿದಂತೆ ಸ್ಟ್ರೋಕ್ ನೇರವಾಗಿ ಏರುತ್ತಾ ಹೋಯಿತು. ಅಲ್ಲಿನ ಹೆಂಗಸರು ಹೆಚ್ಚುಕಮ್ಮಿ ಕುಡಿಯುವುದೇ ಇಲ್ಲ. ಅವರಲ್ಲಿ ಅದೇ ಜೀನಿದ್ದರೂ ಸ್ಟ್ರೋಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕೆಲಸ ಮಾಡಿದ್ದು ಜೀನಲ್ಲ, ಮದ್ಯ. ಹಾರ್ಟ್ ಅಟ್ಯಾಕ್ ವಿಷಯದಲ್ಲಿ ಮಾತ್ರ ಸ್ಪಷ್ಟ ಹಾನಿಯೂ ಕಾಣಲಿಲ್ಲ, ಸ್ಪಷ್ಟ ರಕ್ಷಣೆಯೂ ಕಾಣಲಿಲ್ಲ. ಭಾವ ಹಿಡಿದುಕೊಳ್ಳಬಹುದಾದ ಎಳೆ ಅದೊಂದೇ.

ಇನ್ನು ಅವರ 'ಲಿಮಿಟ್'. ನಮ್ಮ ವಿಸ್ಕಿಯಲ್ಲಿ 42.8% ಆಲ್ಕೋಹಾಲ್, 30 ಎಂಎಲ್‌ಗೆ ಸುಮಾರು 10 ಗ್ರಾಂ. ಭಾವನ 'ಒಂದು ನೈಂಟಿ' ಅಂದರೆ 30 ಗ್ರಾಂ. ಅಮೆರಿಕದ ಒಂದು ಡ್ರಿಂಕ್ 14 ಗ್ರಾಂ. ಆ ಸ್ಟಡಿಗಳನ್ನೇ ನಂಬಿದರೂ ಇವರ ಒಂದು ಅಲ್ಲಿ ಎರಡಕ್ಕಿಂತ ಜಾಸ್ತಿ.

ಜಗಳ ಮುಗಿದಿಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವರದಿ ಮಿತ ಕುಡಿತದ ಜೊತೆ ಕಡಿಮೆ ಸಾವಿನ ಸಂಬಂಧ ಇದೆ ಎಂದೇ ಹೇಳಿತು. ಬಗೆಹರಿಸಬೇಕೆಂದರೆ ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ದಿನಾ ಒಂದು ಡ್ರಿಂಕ್, ಉಳಿದರ್ಧಕ್ಕೆ ಏನೂ ಇಲ್ಲ ಎಂದು ಹಂಚಿ ವರ್ಷಗಟ್ಟಲೆ ಕಾಯಬೇಕು. 7,800 ಜನರ ಮೇಲೆ ಅಂಥದ್ದೊಂದು ಪ್ರಯೋಗವನ್ನು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಶುರು ಮಾಡಿತ್ತು. ಅದಕ್ಕೆ ದುಡ್ಡು ಬಹುಪಾಲು ಮದ್ಯದ ಕಂಪನಿಗಳದ್ದು, ಆ ದುಡ್ಡು ಕೇಳುವಾಗ ಫಲಿತಾಂಶ ಕಂಪನಿಗಳ ಕಡೆ ಬರುತ್ತದೆ ಎಂಬ ಆಸೆ ತೋರಿಸಲಾಗಿತ್ತು ಎಂದು ಹೊರಬಿತ್ತು. ನೂರು ಚಿಲ್ಲರೆ ಜನ ಸೇರಿದ್ದರು ಅಷ್ಟೇ. 2018ರ ಜೂನ್‌ನಲ್ಲಿ ನಿಲ್ಲಿಸಿದರು.

ಇಷ್ಟನ್ನೂ ಟೆರೇಸ್ ಮೇಲೆ ಹೇಳಿದೆ. ಭಾವ ಐಸ್ ತರಲು ಎದ್ದುಹೋದರು. ಚಿಕ್ಕಪ್ಪ ಮಾತ್ರ, 'ಹಂಗಾದ್ರೆ ಕುಡಿಯೋರು ಬದುಕ್ತಾರೆ ಅನ್ನೋಕೆ ನಾನು ಕಾರಣಾನಾ?' ಅಂತ ಕೇಳಿದರು.