"ಸಿಗರೇಟ್ ಸೇದ್ತಿದ್ರಾ?"

ಭಾವನನ್ನು ನೋಡಲು ಇವತ್ತು ಬಂದವರು ಕುರ್ಚಿಯಲ್ಲಿ ಕೂರೋ ಮೊದಲೇ ಕೇಳಿದರು: "ಸಿಗರೇಟ್ ಸೇದ್ತಿದ್ರಾ?" ಇಲ್ಲ ಅಂದೆ. "ಗುಟ್ಕಾ?" ಇಲ್ಲ. "ಮತ್ತೆ ಗಂಟಲು ಕ್ಯಾನ್ಸರ್ ಹೇಗೆ ಬಂತು?" ಅಂತ ನನ್ನನ್ನೇ ಅನುಮಾನದಿಂದ ನೋಡಿದರು, ನಾನೇ ಏನೋ ಮುಚ್ಚಿಡ್ತಿದ್ದೀನಿ ಅನ್ನೋ ಹಾಗೆ.

ಈ ಒಂದು ಪ್ರಶ್ನೆ ನಮಗೆ ನಾಲ್ಕು ತಿಂಗಳು ನಷ್ಟ ಮಾಡಿದೆ.

ಭಾವನಿಗೆ 54. ಗಡ್ಡ ಹೆರೆಯುವಾಗ ಬಲ ದವಡೆಯ ಮೂಲೆಯ ಕೆಳಗೆ ಒಂದು ಗಂಟು ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ, ಗಂಟಲಲ್ಲೂ ಏನಿಲ್ಲ. ಮೊದಲು ನೋಡಿದ ಡಾಕ್ಟರ್ ತಂಬಾಕು ಇದೆಯಾ ಅಂತ ಕೇಳಿದರು. ಇಲ್ಲ ಅಂದ ಕೂಡಲೇ ಅವರ ಮುಖ ಹಗುರಾಯಿತು. ಆಂಟಿಬಯಾಟಿಕ್ ಬರೆದರು. ಅದು ತಪ್ಪಲ್ಲ. ಆದರೆ ಕರಗದಿದ್ದಾಗ ಎರಡನೇ ಸಲ ಬರೆದರು, ಮೂರನೇ ಸಲವೂ ಬರೆದರು. ಎರಡು ವಾರದಲ್ಲಿ ಕರಗದ ಗಂಟಿಗೆ ಮಾತ್ರೆ ಬದಲಾಯಿಸುತ್ತಾ ಕೂರೋದಲ್ಲ, ಅದರೊಳಗೆ ಏನಿದೆ ಅಂತ ನೋಡಬೇಕು.

ಆಮೇಲೆ ಬಲ ಕಿವಿ ನೋವು ಶುರುವಾಯಿತು. ಕಿವಿಗೆ ಡ್ರಾಪ್ಸ್ ಕೊಟ್ಟರು. ಕಿವಿ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು! ಟಾನ್ಸಿಲ್‌ಗೂ ನಡುಗಿವಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ಟಾನ್ಸಿಲ್‌ನಲ್ಲಿ ಗಾಯವಾದರೆ ಮಿದುಳಿಗೆ ಅದು ಕಿವಿನೋವಾಗಿ ಕಾಣಬಹುದು. ಒಂದೇ ಕಡೆ ಕಿವಿ ನೋಯುತ್ತಿದೆ, ಕಿವಿಯಲ್ಲಿ ಏನೂ ಇಲ್ಲ ಅಂದಾಗ ಗಂಟಲಿಗೆ ಟಾರ್ಚ್ ಬಿಡಬೇಕಿತ್ತು.

ಸ್ಕ್ಯಾನ್‌ನಲ್ಲಿ ಗಂಟಿನೊಳಗೆ ನೀರು ಕಾಣಿಸಿತು. ಆ ನೀರು ತೆಗೆದು ನೋಡಿದರೆ ಕ್ಯಾನ್ಸರ್ ಕೋಶ ಸಿಗಲಿಲ್ಲ. "ಹುಟ್ಟಿನಿಂದಲೇ ಇದ್ದ ನೀರುಗುಳ್ಳೆ, ಈಗ ದೊಡ್ಡದಾಗಿದೆ" ಅಂದರು. ನಾವು ಖುಷಿಯಿಂದ ಮನೆಗೆ ಬಂದೆವು. ಹುಟ್ಟಿನಿಂದ ಇದ್ದದ್ದು 54 ವರ್ಷ ಸುಮ್ನೆ ಕೂತಿತ್ತಾ ಅಂತ ಯಾರೂ ಕೇಳಲಿಲ್ಲ, ನಾನೂ ಸೇರಿ. ನಲವತ್ತು ದಾಟಿದವರ ಕುತ್ತಿಗೆಯಲ್ಲಿ ಹೊಸದಾಗಿ ನೀರುಗಂಟು ಬಂದರೆ, ಕ್ಯಾನ್ಸರ್ ಅಲ್ಲ ಅಂತ ಖಚಿತವಾಗುವ ತನಕ ಅದನ್ನು ಕ್ಯಾನ್ಸರ್ ಅಂತಲೇ ನೋಡಬೇಕಂತೆ.

ಕೊನೆಗೆ ಒಬ್ಬ ಇಎನ್‌ಟಿ ಡಾಕ್ಟರಮ್ಮ ಗ್ಲೌಸ್ ಹಾಕಿದ ಬೆರಳನ್ನು ಭಾವನ ನಾಲಿಗೆಯ ಬುಡದ ತನಕ ಇಳಿಸಿ, ಟಾನ್ಸಿಲ್ ಒತ್ತಿ ನೋಡಿದರು. ಬಲಗಡೆಯದು ಗಟ್ಟಿ. ಕಣ್ಣಿಗೆ ಕಾಣಿಸಿದ್ದು ಎಡಕ್ಕಿಂತ ತುಸು ದಪ್ಪ, ಅಷ್ಟೇ. ಮೂಗಿನಿಂದ ಕ್ಯಾಮೆರಾ ಬಿಟ್ಟರು. ಗಂಟಿಗೆ ಮತ್ತೆ ಸೂಜಿ ಹಾಕಿದರು, ಈ ಸಲ ನೀರಿಗಲ್ಲ, ಗಂಟಿನ ಗೋಡೆಗೆ. ಟಾನ್ಸಿಲ್‌ನ ಚೂರನ್ನೂ ಕಳಿಸಿದರು. ಕ್ಯಾನ್ಸರೇ. ಪಿ16 ಅನ್ನೋ ಪ್ರೋಟೀನಿನ ಪರೀಕ್ಷೆ ಪಾಸಿಟಿವ್. ಅಂದರೆ ಇದರ ಹಿಂದೆ ಎಚ್‌ಪಿವಿ, ಹ್ಯೂಮನ್ ಪ್ಯಾಪಿಲೋಮಾ ವೈರಸ್.

ಹೌದು, ಗರ್ಭಕಂಠದ ಕ್ಯಾನ್ಸರ್ ತರುವ ಅದೇ ವೈರಸ್. ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಸಣ್ಣ ಸಣ್ಣ ಕುಳಿಗಳಿವೆ. ಅದು ಅಲ್ಲೇ ಅಡಗುತ್ತದೆ. ಹುಣ್ಣು ಒಳಗಡೆ ಸಾಸಿವೆಯಷ್ಟಿರುವಾಗಲೇ ಕುತ್ತಿಗೆಯಲ್ಲಿ ಗಂಟು ಬಂದಿರಬಹುದು. ಅದಕ್ಕೇ ಮೊದಲ ಲಕ್ಷಣ ಎಷ್ಟೋ ಸಲ ಗಂಟಲುನೋವಲ್ಲ, ನೋವಿಲ್ಲದ ಗಂಟು.

ಅಕ್ಕ ಅವತ್ತು ನನ್ನನ್ನು ಹೊರಗೆ ಕಳಿಸಿ ಡಾಕ್ಟರನ್ನು ಏನೋ ಕೇಳಿದಳು. ಏನು ಕೇಳಿದಳು ಅಂತ ನನಗೆ ಗೊತ್ತು. ನಿಮಗೂ ಗೊತ್ತಾಯ್ತು ಅಲ್ವಾ? ಇದು ಲೈಂಗಿಕ ಸಂಪರ್ಕದಿಂದ, ಗಂಟಲಿಗಾದರೆ ಮುಖ್ಯವಾಗಿ ಬಾಯಿಯ ಮೂಲಕ ನಡೆಯುವ ಸಂಪರ್ಕದಿಂದ ಬರುವ ವೈರಸ್. ಸಂಸಾರ ಮಾಡಿದ ಬಹುಪಾಲು ಜನರಿಗೆ ಯಾವಾಗಲೋ ತಗುಲಿರುತ್ತದೆ, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ದಶಕಗಳ ನಂತರ ಕ್ಯಾನ್ಸರ್ ಆಗುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ರಿಪೋರ್ಟೂ ಹೇಳುವುದಿಲ್ಲ. ಹಾಗಾಗಿ ಬೇರೆಯವರ ಸಂಸಾರದ ತನಿಖೆ ನಿಲ್ಲಿಸಿ ಸ್ವಾಮಿ. ಅಷ್ಟು ಉತ್ಸಾಹವಿದ್ದರೆ ಮಕ್ಕಳಿಗೆ, ಗಂಡುಮಕ್ಕಳಿಗೂ, ಲಸಿಕೆ ಹಾಕಿಸಿ. ವೈರಸ್ ತಗುಲುವ ಮೊದಲೇ ಹಾಕಿಸಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

"ಹೀಗೆ ಎಲ್ಲಾ ಗಂಟಲುನೋವಿಗೂ ಹೆದರಿದರೆ ಬದುಕೋದು ಹೇಗೆ?" ಅಂತ ಒಬ್ಬರು ಕೇಳಿದರು. ಎಲ್ಲದಕ್ಕೂ ಹೆದರಿ ಅಂತ ಯಾರು ಹೇಳಿದರು? ಒಂದೇ ಕಡೆ, ಮೂರು ವಾರವಾದರೂ ಹೋಗದ್ದು. ನುಂಗುವಾಗ ಒಂದೇ ಬದಿಗೆ ಏನೋ ಸಿಕ್ಕಿಕೊಂಡ ಹಾಗೆ, ಉಗುಳಿನಲ್ಲಿ ರಕ್ತ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ದನಿ. ಶೀತದ ಗಂಟಲು ಹೀಗೆ ಮಾಡಲ್ಲ.

ಇನ್ನು ನನ್ನ ಸರದಿ. ಭಾವ ಸೇದೋದೂ ಇಲ್ಲ, ಕುಡಿಯೋದೂ ಇಲ್ಲ. ನಾನು ಸೇದಲ್ಲ, ಅದನ್ನು ಪದಕದ ಹಾಗೆ ಎದೆಗೆ ಹಾಕಿಕೊಂಡು ದಿನಾ ಕುಡಿಯುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಲ್ಲೇ, ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿಗೆ ಸೇರಿಸಿದೆ. ಅದು ಒಡೆದು ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಕೋಶದ ಡಿಎನ್ಎ ಕೆಡಿಸುತ್ತದೆ. ಈ ಕೆಲಸ ಲಿವರ್‌ನಲ್ಲಿ ಮಾತ್ರ ಅಲ್ಲ, ಬಾಯಲ್ಲಿರುವ ಬ್ಯಾಕ್ಟೀರಿಯಾಗಳೂ ಅಲ್ಲೇ ಮಾಡುತ್ತವೆ. ಬಿಯರ್ ಆದರೇನು, ವಿಸ್ಕಿ ಆದರೇನು, ಒಳಗಿರೋದು ಅದೇ ಆಲ್ಕೋಹಾಲ್. ಜೊತೆಗೆ ಸಿಗರೇಟೂ ಇದ್ದರೆ ಅಪಾಯ ಕೂಡೋದಲ್ಲ, ಗುಣಿಸುತ್ತದೆ. ನನ್ನ ಬಳಿ ಸಿಗರೇಟ್ ಇರಲಿಲ್ಲ, ಅಷ್ಟೇ ಪುಣ್ಯ.

ಭಾವನಿಗೆ 35 ಸಲದ ರೇಡಿಯೇಷನ್ ನಡೀತಿದೆ. ವೈರಸ್‌ನಿಂದ ಬಂದದ್ದು ತಂಬಾಕಿನದ್ದಕ್ಕಿಂತ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ ಅಂದಿದ್ದಾರೆ. ಎಂಜಲು ಒಣಗಿ ನೀರು ನುಂಗೋದೂ ಕಷ್ಟ, ಆದರೂ ಇವತ್ತು ಆ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆದುಕೊಟ್ಟರು: "ಇಲ್ಲ. ನೀವು?"

ಬಂದವರು ನಕ್ಕು ನನ್ನ ಕಡೆ ತಿರುಗಿದರು. ನಾನು ಬಿಟ್ಟು 19 ದಿನ ಆಯಿತು ಅಂದೆ. ದಿನ ಎಣಿಸ್ತಿದ್ದೀನಿ ಅಂದರೇ ಎಷ್ಟು ಕುಡೀತಿದ್ದೆ ಅಂತ ಅವರಿಗೆ ಗೊತ್ತಾಗಿರಬೇಕು.