‘ನೀವು ಮನುಷ್ಯರೋ?’ ಎಂದು ಕೇಳಿದವರಿಗೆ ಕೊಡುವ ಮೊದಲ ವಾಕ್ಯ

ಶಿರಸಿ-ಸಿದ್ದಾಪುರದ ಕಡೆಯ ಸೇವಾ ಸಹಕಾರಿ ಸಂಘವೊಂದು ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ವಾಟ್ಸಾಪ್‌ನಲ್ಲಿ ಒಂದು ಚಾಟ್‌ಬಾಟ್ ಇಟ್ಟಿದೆ ಎಂದುಕೊಳ್ಳೋಣ. ಜೂನ್ ಕೊನೆಯ ಒಂದು ಶನಿವಾರ ಸಂಜೆ 7 ಗಂಟೆಗೆ ತೋಟದ ಮನೆಯೊಂದರಿಂದ ಹಿರಿಯ ಮಹಿಳೆಯೊಬ್ಬರು ಮೊದಲು “ನಮಸ್ಕಾರ” ಎಂದು ಬರೆಯುತ್ತಾರೆ, ಅದರ ಬೆನ್ನಿಗೇ “ನೀವು ಖರೆ ಮನುಷ್ಯರೋ, ಕಂಪ್ಯೂಟರೋ?” ಎಂದು ಕೇಳುತ್ತಾರೆ. ಅಡಿಕೆ ತೋಟದ ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ತಮ್ಮ ಖಾತೆಯಿಂದ ಕಡಿತವಾಗಿದೆಯೇ ಎಂಬುದು ಅವರಿಗೆ ತಿಳಿಯಬೇಕಿದೆ, ಆದರೆ ಅದನ್ನು ಅವರು ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಸುಳ್ಳು ಹೇಳಬಾರದು ಎಂಬ ವಿಷಯದಲ್ಲಿ ಕೆಳಗಿನ ಎರಡು ಬರಹಗಳಿಗೂ ಭಿನ್ನಮತವಿಲ್ಲ. ಉತ್ತರದ ಮೊದಲ ವಾಕ್ಯವೇ “ನಾನು ಮನುಷ್ಯನಲ್ಲ” ಎಂದಿರಬೇಕೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಪರ: ಕೇಳಿದ್ದಕ್ಕೆ ಮೊದಲು ಉತ್ತರ, ಉಳಿದದ್ದು ಆಮೇಲೆ

ಆ ಮಹಿಳೆ ಮುಂದೆ ಏನನ್ನು ಬರೆಯುತ್ತಾರೆ ಎಂಬುದು ಈ ಒಂದು ಉತ್ತರದ ಮೇಲೆ ನಿಂತಿದೆ. ಎದುರಿಗಿರುವುದು ಸಂಘದ ಕೌಂಟರಿನಲ್ಲಿ ಕೂರುವ ಪರಿಚಯದ ಹುಡುಗನೆಂದು ಅವರು ಭಾವಿಸಿದರೆ, ಪಹಣಿಯ ಫೋಟೊ ಕಳಿಸುತ್ತಾರೆ, ಪಾಸ್‌ಬುಕ್ಕಿನ ಪುಟ ಕಳಿಸುತ್ತಾರೆ, ಜೊತೆಗೆ ಮಗ ಬೆಂಗಳೂರಿನಲ್ಲಿರುವುದನ್ನೂ ಹಿಸ್ಸೆಯ ತಕರಾರು ಇನ್ನೂ ಬಗೆಹರಿಯದಿರುವುದನ್ನೂ ಹೇಳಿಬಿಡುತ್ತಾರೆ, ಏಕೆಂದರೆ ಕೌಂಟರಿನ ಹುಡುಗನಿಗೆ ಅದೆಲ್ಲ ಅರ್ಧ ಗೊತ್ತೇ ಇರುತ್ತದೆ. ಯಂತ್ರವೆಂದು ತಿಳಿದರೆ ಅವರು ಸದಸ್ಯತ್ವದ ಸಂಖ್ಯೆಯನ್ನಷ್ಟೇ ಕೊಟ್ಟು, ಕಂತು ಕಡಿತವಾಯಿತೋ ಇಲ್ಲವೋ ಎಂದಷ್ಟೇ ಕೇಳಬಹುದು. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವ ಹಕ್ಕು ಅವರದು. ಆ ಹಕ್ಕನ್ನು ಚಲಾಯಿಸಲು ಬೇಕಾದ ಮಾಹಿತಿಯನ್ನೇ ಅವರು ಕೇಳಿದ್ದಾರೆ, ಆದ್ದರಿಂದ ಅದು ಮೂರನೆಯ ವಾಕ್ಯದವರೆಗೆ ಕಾಯುವಂಥದ್ದಲ್ಲ.

ಮೊದಲ ವಾಕ್ಯ ಎಂದು ನಾನು ಒತ್ತಿ ಹೇಳುವುದಕ್ಕೆ ತೀರಾ ಸಾಮಾನ್ಯವಾದ ಇನ್ನೊಂದು ಕಾರಣವಿದೆ. ಬಹಳ ಜನ ಸಂದೇಶವನ್ನು ಮೊದಲು ಓದುವುದು ಫೋನಿನ ಪರದೆಯ ಮೇಲೆ ಇಣುಕುವ ನೋಟಿಫಿಕೇಶನ್‌ನಲ್ಲಿ, ಮತ್ತು ಅಲ್ಲಿ ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ. “ನಮಸ್ಕಾರ, ನಮ್ಮ ಸಂಘದ ಸೇವೆಗೆ ತಮಗೆ ಆತ್ಮೀಯ ಸ್ವಾಗತ, ಸದಸ್ಯರ ಹಿತವೇ ನಮ್ಮ ಧ್ಯೇಯ” ಎಂದು ಉತ್ತರ ಶುರುವಾದರೆ, ಕೇಳಿದ್ದಕ್ಕೆ ಕೊಟ್ಟ ಉತ್ತರವು ಪರದೆಯ ಅಂಚಿನಾಚೆ ಉಳಿಯುತ್ತದೆ. ನಮಸ್ಕಾರಕ್ಕೆ ನಮಸ್ಕಾರ ಹೇಳಬೇಕು, ಅದು ನಮ್ಮ ರೀತಿ. ಆದರೆ ಅದು ಒಂದು ಪದದಲ್ಲಿ ಮುಗಿಯಬೇಕು, ಮುಂದಿನ ಪದ “ಇಲ್ಲ” ಎಂದಿರಬೇಕು. ನಾನು ಬರೆದುಕೊಡುವುದಾದರೆ ಹೀಗೆ ಬರೆಯುತ್ತೇನೆ: “ನಮಸ್ಕಾರ. ಇಲ್ಲ, ನಾನು ಮನುಷ್ಯನಲ್ಲ, ಸಂಘದ ಪರವಾಗಿ ಉತ್ತರಿಸುವ ಕಂಪ್ಯೂಟರ್ ಪ್ರೋಗ್ರಾಮ್. ವಿಮೆ, ಸಾಲದ ಕಂತು, ಗೊಬ್ಬರದ ದಾಸ್ತಾನಿನ ಬಗ್ಗೆ ಕೇಳಬಹುದು. ಸಂಘದವರ ಹತ್ತಿರವೇ ಮಾತಾಡಬೇಕಿದ್ದರೆ ಹಾಗೆಂದು ತಿಳಿಸಿ.”

ಸುಳ್ಳಲ್ಲದ ಸುಳ್ಳುಗಳ ಬಗ್ಗೆ ಎಚ್ಚರ ಬೇಕು. ಚಾಟ್‌ಬಾಟಿಗೆ ಒಂದು ಹೆಣ್ಣಿನ ಹೆಸರಿಟ್ಟು, ನಗುಮುಖದ ಚಿತ್ರ ಹಾಕಿ, “ನಾನು ಸಂಘದ ಸಹಾಯಕಿ” ಎಂದು ಹೇಳಿಸಿದರೆ, ಪದಪದವಾಗಿ ನೋಡಿದಾಗ ಅದು ಸುಳ್ಳಲ್ಲವೆಂದು ಯಾರಾದರೂ ವಾದಿಸಿಯಾರು. ಮನುಷ್ಯರೋ ಎಂದು ಕೇಳಿದವರಿಗೆ ಅದನ್ನೇ ಉತ್ತರವಾಗಿ ಕೊಟ್ಟರೆ ಅದು ಮೋಸವೇ. ಯುರೋಪ್ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಎಐ ಕಾಯ್ದೆಯ 50ನೇ ವಿಧಿಯಂತೆ, ಎದುರಿಗಿರುವುದು ಎಐ ಎಂಬುದು ತಾನಾಗಿಯೇ ಸ್ಪಷ್ಟವಾಗಿಲ್ಲದ ಕಡೆ ಅದನ್ನು ಬಳಕೆದಾರರಿಗೆ ತಿಳಿಸುವಂತೆ ಅಂಥ ವ್ಯವಸ್ಥೆಯನ್ನು ರೂಪಿಸಬೇಕು. ಅಂದರೆ ಯಾರೂ ಕೇಳದಿದ್ದಾಗಲೂ ತಿಳಿಸುವ ಹೊಣೆಯಿದೆ. ಕೇಳಿದ ಮೇಲೆ ಸುತ್ತಿಬಳಸುವುದಕ್ಕೆ ಯಾವ ಸಮರ್ಥನೆ ಉಳಿಯುತ್ತದೆ?

ಇಷ್ಟೆಲ್ಲ ಒಪ್ಪಿದ ಸಂಸ್ಥೆಗಳಲ್ಲಿಯೂ ಉತ್ತರ ತಪ್ಪುವುದುಂಟು, ಮತ್ತು ತಪ್ಪುವ ಜಾಗ ಬಹುಮಟ್ಟಿಗೆ ಈ ನಮಸ್ಕಾರವೇ. ಹಳೆಯ ಮಾದರಿಯ ಚಾಟ್‌ಬಾಟುಗಳು ಒಂದು ಸಂದೇಶಕ್ಕೆ ಒಂದೇ ಉದ್ದೇಶವನ್ನು ಗುರುತಿಸುತ್ತವೆ. “ನಮಸ್ಕಾರ, ನೀವು ಮನುಷ್ಯರೋ?” ಎಂಬ ಸಾಲಿನಲ್ಲಿ ಅವುಗಳ ಕಣ್ಣಿಗೆ ಮೊದಲು ಬೀಳುವುದು ನಮಸ್ಕಾರ. ಹಾಗಾಗಿ ಸ್ವಾಗತದ ಮೆನು ಹೊರಬರುತ್ತದೆ, ಪ್ರಶ್ನೆ ಬಿದ್ದುಹೋಗುತ್ತದೆ. ನಮಸ್ಕಾರವೂ ಪ್ರಶ್ನೆಯೂ ಎರಡು ಸಂದೇಶಗಳಾಗಿ ಬಂದಾಗ ಇನ್ನೊಂದು ತೊಡಕು. ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗಿಬಂದು ಮಾಡುವ ಘಟ್ಟದ ಊರುಗಳಲ್ಲಿ ನಮಸ್ಕಾರಕ್ಕೆ ಕೊಟ್ಟ ಉತ್ತರ ತಡವಾಗಿ ತಲುಪಿ, ಪ್ರಶ್ನೆಯ ಕೆಳಗೆ ಹೋಗಿ ಕೂರುತ್ತದೆ. “ಕಂಪ್ಯೂಟರೋ?” ಎಂದು ಕೇಳಿದ್ದರ ಕೆಳಗೆ “ನಮಸ್ಕಾರ, ಏನು ಸಹಾಯ ಬೇಕು?” ಎಂದು ಕಂಡರೆ, ಬೇಕೆಂದೇ ಮಾತು ತಪ್ಪಿಸಿದಂತೆಯೇ ಅನಿಸುತ್ತದೆ. ಇದಕ್ಕೆ ಪರಿಹಾರ ಸರಳ: ಮೊದಲ ಸಂದೇಶ ಬಂದ ಮೇಲೆ ಕೆಲವು ಸೆಕೆಂಡು ಕಾದು, ಆ ಹೊತ್ತಿನೊಳಗೆ ಬಂದದ್ದನ್ನೆಲ್ಲ ಒಟ್ಟಿಗೆ ಓದಿ ಒಂದೇ ಉತ್ತರ ಕೊಡಬೇಕು. ಪರೀಕ್ಷಿಸುವಾಗ ಬರೀ ನಮಸ್ಕಾರ, ಬರೀ ಪ್ರಶ್ನೆ, ಎರಡೂ ಒಂದೇ ಸಾಲಿನಲ್ಲಿ, ಎರಡೂ ಬೇರೆ ಬೇರೆ ಸಂದೇಶಗಳಲ್ಲಿ ಹೀಗೆ ನಾಲ್ಕೂ ಬಗೆಯಲ್ಲಿ ಕಳಿಸಿ ನೋಡಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿಯೂ, ಕಾರವಾರ-ಅಂಕೋಲೆಯ ಕಡೆಯ ಸದಸ್ಯರಿದ್ದರೆ ಕೊಂಕಣಿಯಲ್ಲಿಯೂ ಅದೇ ನಾಲ್ಕನ್ನು ಕಳಿಸಬೇಕು. ಪ್ರಶ್ನೆಯಿರುವ ಎಲ್ಲ ಕಡೆಯೂ “ಇಲ್ಲ” ಎಂಬುದು ಮೊದಲ ಸಾಲಿನಲ್ಲಿಯೇ ಬಂದರೆ ಮಾತ್ರ ಕೆಲಸ ಮುಗಿಯಿತೆನ್ನಬಹುದು.

ವಿರೋಧ: ಹೊಣೆ ಯಾರದೆಂಬುದು ಮೊದಲು ತಿಳಿಯಲಿ

ಫೋನ್ ಎತ್ತಿದ ಕೂಡಲೇ “ಯಾರು ಮಾತಾಡೋದು?” ಎಂದು ನಮ್ಮಲ್ಲಿ ಕೇಳಿದರೆ, ಊರು, ಮನೆ, ಯಾರ ಮಗ ಎಂಬುದು ಉತ್ತರವಾಗಿ ಬರಬೇಕು. ಮಾತಿಗೆ ಬದ್ಧರಾಗುವವರು ಯಾರು, ನಾಳೆ ತಪ್ಪಿದರೆ ಯಾರನ್ನು ಕೇಳಬೇಕು ಎಂಬುದು ಅದರ ಒಳಗಿನ ಪ್ರಶ್ನೆ. ಶನಿವಾರ ಸಂಜೆ ಆ ಮಹಿಳೆ ಕೇಳಿದ್ದೂ ಅದನ್ನೇ ಎಂದು ನಾನು ತಿಳಿಯುತ್ತೇನೆ. ವಿಮೆಯ ಕಂತು ತುಂಬುವ ಕೊನೆಯ ದಿನ ಹತ್ತಿರವಿದೆ. ಕಡಿತವಾಗಿಲ್ಲದಿದ್ದರೆ ಈ ಮಳೆಗಾಲಕ್ಕೆ ತೋಟಕ್ಕೆ ವಿಮೆಯ ರಕ್ಷಣೆಯಿಲ್ಲ. ತಾನು ಬರೆದದ್ದು ಸಂಘದೊಳಗಿನ ಯಾರಿಗಾದರೂ ಮುಟ್ಟುತ್ತದೆಯೇ ಎಂಬುದು ಅವರ ಆತಂಕ. ಅದಕ್ಕೆ “ನಾನು ಮನುಷ್ಯನಲ್ಲ” ಎಂಬ ಮೊದಲ ವಾಕ್ಯ ಉತ್ತರವಾಗುವುದಿಲ್ಲ, ಅದು ಬಾಗಿಲು ಹಾಕಿದಂತೆ ಕೇಳಿಸುತ್ತದೆ. ಅಲ್ಲಿಗೇ ಫೋನನ್ನು ಕೆಳಗಿಟ್ಟು, ವಿಮೆಯ ಮಾತನ್ನೇ ಎತ್ತದೆ ಹೋಗುವವರು ಇರುತ್ತಾರೆ. ಹಾಗೆ ಹೋದವರಿಗೆ ಎರಡನೆಯ ಮತ್ತು ಮೂರನೆಯ ವಾಕ್ಯದಲ್ಲಿ ಎಷ್ಟು ಒಳ್ಳೆಯ ದಾರಿಯಿದ್ದರೂ ವ್ಯರ್ಥ.

ಹೇಳಿಬಿಟ್ಟರೆ ಭ್ರಮೆ ಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬವರು ರೂಪಿಸಿ 1966ರಲ್ಲಿ ಪ್ರಕಟಿಸಿದ ‘ಎಲಿಜಾ’ ಎಂಬ ಪ್ರೋಗ್ರಾಮ್, ಟೈಪ್ ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು, ಅದಕ್ಕಿಂತ ಹೆಚ್ಚಿನದು ಅದರಲ್ಲಿ ಬಹಳವೇನೂ ಇರಲಿಲ್ಲ. ಅದನ್ನು ಅವರು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಕೆಲವು ಮಾತಾಡಿದ ಮೇಲೆ, ಸ್ವಲ್ಪ ಹೊರಗೆ ಹೋಗಿರಿ ಎಂದು ಅವರನ್ನು ಕೇಳಿಕೊಂಡರು. ಯಂತ್ರವೆಂದು ಆ ಕಾರ್ಯದರ್ಶಿಗೆ ಚೆನ್ನಾಗಿಯೇ ತಿಳಿದಿತ್ತು. ತಿಳಿದೂ ಮನಸ್ಸು ಬಿಚ್ಚಿಕೊಂಡಿತು. ಹಾಗಿರುವಾಗ ಪಹಣಿಯ ಫೋಟೊ ಬಾರದಂತೆ ತಡೆಯುವುದಿದ್ದರೆ, “ಫೋಟೊ ಕಳಿಸಬೇಡಿ, ಸದಸ್ಯತ್ವದ ಸಂಖ್ಯೆ ಸಾಕು” ಎಂದೇ ಬರೆಯಬೇಕು. ಯಂತ್ರವೆಂಬ ಘೋಷಣೆಯೊಂದೇ ಆ ಕೆಲಸವನ್ನು ಮಾಡಲಾರದು.

ಇನ್ನು ಸತ್ಯದ ಮಾತು. ಇಂಥ ಎಷ್ಟೋ ವ್ಯವಸ್ಥೆಗಳಲ್ಲಿ ಒಂದೇ ಚಾಟಿನಲ್ಲಿ ಹಗಲು ಸಿಬ್ಬಂದಿಯೂ ಇಳಿಯುತ್ತಾರೆ. ಸೋಮವಾರ ಬೆಳಿಗ್ಗೆ ಗುಮಾಸ್ತರು ಆ ಮಹಿಳೆಯ ಚಾಟನ್ನು ತೆರೆದು ತಾವೇ ಉತ್ತರಿಸತೊಡಗುತ್ತಾರೆ. ಹೆಸರು ಅದೇ, ಚಿತ್ರ ಅದೇ. ಆ ಮಹಿಳೆ ಮತ್ತೆ “ಈಗಲಾದರೂ ಮನುಷ್ಯರೋ?” ಎಂದು ಕೇಳಿದರೆ, ಆ ಪದಗಳನ್ನು ಕಂಡ ಕೂಡಲೇ ಹೊರಬರುವಂತೆ ಕಟ್ಟಿಟ್ಟ “ನಾನು ಮನುಷ್ಯನಲ್ಲ” ಎಂಬ ವಾಕ್ಯ ಗುಮಾಸ್ತರ ಮಾತಿನ ನಡುವೆ ಹಾರಿಬೀಳುತ್ತದೆ. ಸತ್ಯಕ್ಕಾಗಿಯೇ ಬರೆದ ವಾಕ್ಯ ಆಗ ಸುಳ್ಳಾಗುತ್ತದೆ. ಸಿಬ್ಬಂದಿ ಕೈಗೆತ್ತಿಕೊಂಡ ಚಾಟಿನಲ್ಲಿ ಸ್ವಯಂಚಾಲಿತ ಉತ್ತರಗಳನ್ನು ನಿಲ್ಲಿಸಬೇಕು ಮತ್ತು ಬಂದವರು ತಮ್ಮ ಹುದ್ದೆಯನ್ನು ಮೊದಲು ಹೇಳಿಕೊಳ್ಳಬೇಕು. ಇದನ್ನು ಮಾಡದೆ ಮೊದಲ ವಾಕ್ಯಕ್ಕಷ್ಟೇ ಪಟ್ಟು ಹಿಡಿದರೆ ಪ್ರಯೋಜನವಿಲ್ಲ.

ನನ್ನ ಹೆಚ್ಚಿನ ಚಿಂತೆ ಇರುವುದು ಮಾತನ್ನು ಸಿಬ್ಬಂದಿಗೆ ದಾಟಿಸುವ ಹಂತದಲ್ಲಿ. “ಸಂಘದವರ ಹತ್ತಿರ ಮಾತಾಡಬೇಕಿದ್ದರೆ ತಿಳಿಸಿ” ಎಂದು ಬರೆಯುವುದು ಸುಲಭ. ಆಕೆ ಶನಿವಾರ ಸಂಜೆ 7ಕ್ಕೆ “ಹೌದು, ಬೇಕು” ಎಂದು ಬರೆದರೆ, ಸಂಘದ ಬಾಗಿಲು ತೆಗೆಯುವುದು ಸೋಮವಾರ 10ಕ್ಕೆ, ಅಂದರೆ 39 ಗಂಟೆಯ ನಂತರ. ಸಂಸ್ಥೆಗಳ ವಾಟ್ಸಾಪ್ ಖಾತೆಗೆ ಒಂದು ನಿಯಮವಿದೆ: ಗ್ರಾಹಕರು ಕೊನೆಯದಾಗಿ ಬರೆದ 24 ಗಂಟೆಯೊಳಗೆ ಮಾತ್ರ ಬೇಕಾದಂತೆ ಉತ್ತರಿಸಬಹುದು, ಆಮೇಲೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಸಂದೇಶವನ್ನಷ್ಟೇ ಕಳಿಸಬಹುದು. ಟೆಂಪ್ಲೇಟ್ ಮಾಡಿಟ್ಟುಕೊಳ್ಳದ ಸಂಘದ ಗುಮಾಸ್ತರು ಸೋಮವಾರ ಟೈಪ್ ಮಾಡಿದ್ದು ಹೋಗುವುದೇ ಇಲ್ಲ. ಅತ್ತ ಅವರು ಕಾಯುತ್ತಾರೆ, ಇತ್ತ ಉತ್ತರ ಕಳಿಸಿದೆನೆಂದು ಇವರು ತಿಳಿದಿರುತ್ತಾರೆ. ಆದ್ದರಿಂದ ಶನಿವಾರವೇ ಅವರ ಸಂಖ್ಯೆ ಕರೆ ಮಾಡಬೇಕಾದವರ ಪಟ್ಟಿಗೆ ಸೇರಬೇಕು, ಸೋಮವಾರ ಅದನ್ನು ನೋಡುವವರು ಯಾರೆಂದು ಮೊದಲೇ ಗೊತ್ತಿರಬೇಕು, ಮತ್ತು ಉತ್ತರವು ಅಲ್ಲಿಂದಲೇ ಆರಂಭವಾಗಬೇಕು: “ನಮಸ್ಕಾರ. ನೀವು ಬರೆದದ್ದನ್ನು ಸೋಮವಾರ 10 ಗಂಟೆಗೆ ಸಂಘದ ಸಾಲ ವಿಭಾಗದವರು ನೋಡಿ ನಿಮಗೆ ಫೋನ್ ಮಾಡುತ್ತಾರೆ. ಈಗ ಉತ್ತರಿಸುತ್ತಿರುವುದು ಕಂಪ್ಯೂಟರ್, ಮನುಷ್ಯರಲ್ಲ. ವಿಮೆ ಅಥವಾ ಸಾಲದ ವಿವರ ಈಗಲೇ ಬೇಕಿದ್ದರೆ ಸದಸ್ಯತ್ವದ ಸಂಖ್ಯೆಯನ್ನಷ್ಟೇ ಬರೆಯಿರಿ.”

ಇದರಲ್ಲಿ ನೋಟಿಫಿಕೇಶನ್‌ನ ಎರಡು ಸಾಲಿನೊಳಗೆ ‘ಕಂಪ್ಯೂಟರ್’ ಎಂಬುದು ಕಾಣದೆ ಹೋಗಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಒಂದು ಸಂದರ್ಭವನ್ನು ನಾನು ಬಿಟ್ಟುಕೊಡುತ್ತೇನೆ. ಅದೇ ಸಂಜೆ, ಸಿಬ್ಬಂದಿ ಯಾರೂ ಚಾಟಿಗೆ ಬಾರದಿರುವಾಗ, ಅವರು ಎರಡನೆಯ ಸಲವೂ “ಮನುಷ್ಯರೋ ಅಲ್ಲವೋ ಹೇಳಿ” ಎಂದು ಕೇಳಿದರೆ, ಆಗ ಅವರಿಗೆ ಬೇಕಾಗಿರುವುದು ಅಕ್ಷರಶಃ ಅದೇ. ಆಗ ಸೋಮವಾರದ ಮಾತು, ವಿಮೆಯ ಮಾತು ಯಾವುದೂ ಬೇಡ. “ಅಲ್ಲ, ಇದು ಕಂಪ್ಯೂಟರ್” ಎಂಬ ಒಂದೇ ವಾಕ್ಯ ಹೋಗಲಿ.